ಒಳಗಿನ ಸಂಬಂಧ, ಹೊರಗಿನ ಸಂಬಂಧ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಮನೆ ಮುಂದೆ ನಿಂತು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ವಲಸೆ ಬಂದ, ಅವನ ಮಕ್ಕಳು ಎಲ್ಲೆಲ್ಲಿ ಚದುರಿದರು ಎಂಬುದನ್ನೆಲ್ಲ ಹಾಡಿನ ಧಾಟಿಯಲ್ಲಿ ಹೇಳುವವರು ಅವರು. ಹಳೆಯ ಆಸ್ತಿ ತಕರಾರುಗಳಲ್ಲಿ ಹೆಳವರ ಮಾತಿಗೆ ಬೆಲೆ ಇತ್ತು. ಆದರೆ ಆನುವಂಶಿಕ ಕಾಯಿಲೆಯ ಜಾಡು ಹಿಡಿಯಬೇಕಾದ ವೈದ್ಯರಿಗೆ ಅದರಿಂದ ಆಗುವ ಉಪಯೋಗ ಅರ್ಧ ಮಾತ್ರ. ಹೆಳವರ ಲೆಕ್ಕ ಗಂಡು ಸಂತತಿಯ ಬಳ್ಳಿ ಹಿಡಿದು ಸಾಗುತ್ತದೆ. ಮಗಳು ಮದುವೆಯಾಗಿ ಹೋದಳೆಂದರೆ ಅವಳ ಮಕ್ಕಳು ಬೇರೆ ಮನೆಯ ಲೆಕ್ಕಕ್ಕೆ ಸೇರಿದರು. ಅಕ್ಕನ ಮಗಳನ್ನು ತಮ್ಮನೇ ತಂದುಕೊಳ್ಳುವ ನಾಡಿನಲ್ಲಿ, ಹೀಗೆ ಹೊರಗೆ ಹೋದ ಮಗಳ ಕವಲು ಒಂದು ತಲೆಮಾರಿನ ನಂತರ ತವರಿಗೇ ತಿರುಗಿ ಬಂದಿರುತ್ತದೆ. ವೈದ್ಯರಿಗೆ ಬೇಕಾದದ್ದು ಆ ತಿರುವು.

ಅದನ್ನು ತೋರಿಸಲು ಒಂದು ಮನೆತನವನ್ನು ಕಟ್ಟಿಕೊಳ್ಳುತ್ತೇನೆ. ಇದು ಉದಾಹರಣೆಗಾಗಿ ಮಾಡಿದ್ದು, ಯಾರ ಮನೆಯದ್ದೂ ಅಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ಇದರಲ್ಲಿ ಅಪರೂಪದ್ದೇನೂ ಕಾಣಲಾರದು.

ರೋಣದಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ. ಅವರಿಗೆ ಮೂವರು ಮಕ್ಕಳು. ಹಿರಿಯಳು ಅಕ್ಕ, ಅವಳಿಗಿಂತ ಬಹಳ ಚಿಕ್ಕವನಾದ ತಮ್ಮ, ಕಡೆಯವಳು ತಂಗಿ. ಅಕ್ಕನನ್ನು ಸಂಬಂಧವಿಲ್ಲದ ಮನೆಗೆ ಕೊಟ್ಟರು, ಅವಳಿಗೊಬ್ಬ ಮಗಳು ಹುಟ್ಟಿದಳು. ತಮ್ಮ ನರಗುಂದದಲ್ಲಿ ಅಂಗಡಿ ಇಟ್ಟ, ಅಕ್ಕನ ಮಗಳನ್ನೇ ಮದುವೆಯಾದ. ತಂಗಿ ಗಜೇಂದ್ರಗಡದ ನೇಕಾರರ ಮನೆಯ ಸೊಸೆಯಾದಳು, ಅವಳಿಗೊಬ್ಬ ಮಗ. ನರಗುಂದದ ದಂಪತಿಗೆ ಮೊದಲು ಒಬ್ಬ ಮಗ, ನಂತರ ಒಬ್ಬ ಮಗಳು. ಮಗ ಎಂಟು ತಿಂಗಳಿದ್ದಾಗಲೇ ಬಿಳಿಚಿಕೊಂಡ. ಹುಬ್ಬಳ್ಳಿಯಲ್ಲಿ ರಕ್ತ ನೋಡಿ ಬೀಟಾ ಥಲಸ್ಸೀಮಿಯಾ ಮೇಜರ್ ಎಂದರು. ಅಂದಿನಿಂದ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸುವುದು, ದೇಹದಲ್ಲಿ ಕೂಡಿಕೊಳ್ಳುವ ಕಬ್ಬಿಣವನ್ನು ಹೊರಹಾಕಲು ಗುಳಿಗೆ ಕೊಡುವುದು ನಡೆದಿದೆ. ಮಗಳು ಆರೋಗ್ಯವಾಗಿದ್ದಾಳೆ. ಈಗ ಅವಳಿಗೆ ಮದುವೆಯ ವಯಸ್ಸು, ಗಜೇಂದ್ರಗಡದ ಸೋದರತ್ತೆಯ ಮಗನಿಗೆ ಕೊಡುವ ಮಾತು ನಡೆದಿದೆ.

ಇದನ್ನು ಕಾಗದದ ಮೇಲೆ ಬರೆಯುವ ರೂಢಿ ಸರಳ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ಪೂರ್ತಿ ಕಪ್ಪು ಮಾಡುತ್ತಾರೆ, ವಾಹಕರೆಂದು ಖಚಿತವಾದವರದ್ದನ್ನು ಅರ್ಧ. ತೀರಿಕೊಂಡವರ ಮೇಲೆ ಓರೆಗೆರೆ. ಗಂಡಹೆಂಡಿರ ನಡುವೆ ಒಂದು ಗೆರೆ, ಅವರು ರಕ್ತಸಂಬಂಧಿಗಳಾದರೆ ಎರಡು ಗೆರೆ. ಯಾರಿಂದಾಗಿ ಈ ಮನೆತನ ಆಸ್ಪತ್ರೆಯ ಗಮನಕ್ಕೆ ಬಂತೋ ಆ ವ್ಯಕ್ತಿಯತ್ತ ಒಂದು ಬಾಣ.

ಬರೆಯುವಾಗ ಕೇಳುವ ರೀತಿ ಮುಖ್ಯ. "ನಿಮ್ಮ ಮನಿತನದಾಗ ಮೊದಲ ಯಾರಿಗರೆ ಈ ಬ್ಯಾನಿ ಇತ್ತೇನ್ರಿ?" ಎಂದು ಕೇಳಿದರೆ "ಇಲ್ರಿ, ನಮ್ಮ ಕಡೆ ಯಾರಿಗೂ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಅಜ್ಜಿಗೆ ಎಷ್ಟು ಹೆರಿಗೆ ಆಗಿದ್ವು, ಎಷ್ಟು ಕೂಸು ಉಳಿದ್ವು?" ಎಂದು ಒಬ್ಬೊಬ್ಬರನ್ನೇ ಹಿಡಿದು ಕೇಳಿದರೆ, ವರ್ಷ ತುಂಬುವುದರೊಳಗೆ ಬಿಳಿಚಿಕೊಂಡು ಹೋದ ಕೂಸೊಂದು ನೆನಪಾಗಬಹುದು. "ನೀವಿಬ್ಬರೂ ಸಂಬಂಧಿಕರೇ?" ಎಂಬ ಪ್ರಶ್ನೆಯೂ ಸಾಲದು. ಸೋದರಮಾವನನ್ನು ಮದುವೆಯಾದವಳಿಗೆ ಅದು ಸಂಬಂಧ ಬೆಳೆಸುವ ಸಹಜ ದಾರಿ, ಬೇರೆಯಾಗಿ ಹೇಳಬೇಕಾದ ಸಂಗತಿಯೆಂದೇ ಅನ್ನಿಸುವುದಿಲ್ಲ. "ಅವರ ತಾಯಿ ನಿಮಗೆ ಏನಾಗಬೇಕು?" ಎಂದು ಕೇಳಿದರೆ "ಅಜ್ಜಿ" ಎಂದು ಥಟ್ಟನೆ ಬರುತ್ತದೆ. ಎರಡು ಗೆರೆ ಎಳೆಯಲು ಅಷ್ಟು ಸಾಕು.

ನರಗುಂದದ ಹುಡುಗಿಯ ದಿಕ್ಕಿನಿಂದ ನೋಡಿದರೆ ಈ ಚಿತ್ರದಲ್ಲಿ ಬಹುತೇಕ ಎಲ್ಲರೂ ಎರಡು ಸಲ ಸಂಬಂಧಿಗಳು. ಗಜೇಂದ್ರಗಡದ ಹುಡುಗ ತಂದೆಯ ಕಡೆಯಿಂದ ಸೋದರತ್ತೆಯ ಮಗ. ತಾಯಿಯ ಕಡೆಯಿಂದ ಅವನು ತಾಯಿಯ ಚಿಕ್ಕಮ್ಮನ ಮಗ, ಅಂದರೆ ತಾಯಿಗೆ ತಮ್ಮನಂತೆ, ಹುಡುಗಿಗೆ ಸೋದರಮಾವ. ಎರಡೂ ವರಸೆಯಲ್ಲಿ ಮದುವೆಗೆ ಬರುವವನೇ. ಹಿರಿಯರು ಇದನ್ನು ಒಳ್ಳೆಯ ಕೂಟವೆಂದು ಮೆಚ್ಚುತ್ತಾರೆ. ವೈದ್ಯರು ಇದೇ ಚಿತ್ರದಲ್ಲಿ ಒಂದೇ ಅಜ್ಜ ಅಜ್ಜಿಯಿಂದ ಹೊರಟ ಎರಡು ದಾರಿಗಳು ಮತ್ತೆ ಕೂಡುವುದನ್ನು ಕಾಣುತ್ತಾರೆ.

ಚಿತ್ರವನ್ನು ಓದುವುದು ಹೇಗೆ? ಮೊದಲು ಕಪ್ಪು ಗುರುತುಗಳು ಯಾವ ದಿಕ್ಕಿಗೆ ಸಾಗಿವೆ ಎಂದು ನೋಡಬೇಕು. ಪ್ರತಿ ತಲೆಮಾರಿನಲ್ಲೂ ಕಾಯಿಲೆ ಕಾಣಿಸಿಕೊಂಡು, ಕಾಯಿಲೆಯಿದ್ದ ಪ್ರತಿ ಮಗುವಿನ ತಂದೆಗೋ ತಾಯಿಗೋ ಅದೇ ಕಾಯಿಲೆ ಇದ್ದು, ಅವರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಂದಿದ್ದರೆ ಅದು ಪ್ರಬಲ ಗುಣ. ಇದಕ್ಕೆ ನಮ್ಮ ರಾಜ್ಯದಲ್ಲೇ ಹೆಸರಾದ ಉದಾಹರಣೆ ಇದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ ಮತ್ತು ಮಂಡಿ ಸವೆದು ನಡೆಯಲಾಗದ ಸ್ಥಿತಿಗೆ ಬಂದವರು ಹಲವರು ಪತ್ತೆಯಾದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಗುಮಾನಿ ಪಟ್ಟರು. ಗುಮಾನಿ ಅಸಂಬದ್ಧವೇನೂ ಆಗಿರಲಿಲ್ಲ. ಒಂದೇ ಊರು, ಒಂದೇ ಗದ್ದೆ, ಒಂದೇ ಊಟ, ಕಾಯಿಲೆಯೂ ಒಂದೇ. ಆದರೆ ಮನೆತನಗಳ ವಂಶಾವಳಿ ಬರೆದು ನೋಡಿದಾಗ ಕಾಯಿಲೆ ರಕ್ತಸಂಬಂಧದ ಗೆರೆ ಹಿಡಿದು ತಂದೆತಾಯಿಯಿಂದ ಮಕ್ಕಳಿಗೆ ಇಳಿದದ್ದು ಕಂಡಿತು. ಅದು ಪ್ರಬಲ ಗುಣದಿಂದ ಬರುವ ಮೂಳೆಗೀಲಿನ ಕಾಯಿಲೆ.

ನರಗುಂದದ ಮನೆಯ ಚಿತ್ರ ಹಾಗಿಲ್ಲ. ಮೇಲಿನ ತಲೆಮಾರುಗಳೆಲ್ಲ ಬಿಳಿ, ಕೆಳಗೆ ಒಂದೇ ಒಂದು ಕಪ್ಪು ಚೌಕ, ಅದರ ಮೇಲೆ ಜೋಡಿಗೆರೆ. ದುರ್ಬಲ ಗುಣದ ರುಜು ಇದು. ಇಂಥಲ್ಲಿ ಕಾಯಿಲೆ ಬರಬೇಕಾದರೆ ಕೆಟ್ಟ ಅಲೀಲ್, ಎಂದರೆ ಜೀನಿನ ದೋಷವಿರುವ ರೂಪ, ತಂದೆಯಿಂದ ಒಂದು ತಾಯಿಯಿಂದ ಒಂದು ಎಂದು ಎರಡೂ ಕಡೆಯಿಂದ ಬರಬೇಕು. ಒಂದೇ ಬಂದವರು ವಾಹಕರು, ಅವರಿಗೆ ತೊಂದರೆ ಇಲ್ಲ. ಗಂಡುಮಗುವೊಂದೇ ಕಾಯಿಲೆಬಿದ್ದಾಗ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬರುವ ಹಿಮೋಫಿಲಿಯಾದಂಥ ಕಾಯಿಲೆಯ ಚಿತ್ರವೂ ಹೀಗೇ ಕಾಣುತ್ತದೆ. ಇಲ್ಲಿ ರಕ್ತಪರೀಕ್ಷೆ ಆಗಲೇ ಕಾಯಿಲೆಯ ಹೆಸರು ಹೇಳಿರುವುದರಿಂದ ಆ ಗೊಂದಲವಿಲ್ಲ.

ಮಕ್ಕಳ ಲೆಕ್ಕ ಹಾಕುವಾಗ ಬಹಳ ಜನ ಎಡವುವ ಜಾಗವೊಂದಿದೆ. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಪುಸ್ತಕ ಹೇಳುತ್ತದೆ. ಆಸ್ಪತ್ರೆಗೆ ಬಂದ ಮನೆತನಗಳನ್ನು ಎಣಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಕಾಯಿಲೆ ಇರುವಂತೆ ಕಾಣುತ್ತದೆ. ಪುಸ್ತಕ ತಪ್ಪಿತೇ? ಇಬ್ಬರೂ ವಾಹಕರಾಗಿದ್ದು, ಇಬ್ಬಿಬ್ಬರು ಮಕ್ಕಳಿರುವ ಹದಿನಾರು ಮನೆಗಳನ್ನು ತೆಗೆದುಕೊಳ್ಳಿ. ಸರಾಸರಿಯಾಗಿ ಒಂಬತ್ತು ಮನೆಗಳಲ್ಲಿ ಇಬ್ಬರೂ ಮಕ್ಕಳು ಆರೋಗ್ಯವಾಗಿರುತ್ತಾರೆ, ಆರು ಮನೆಗಳಲ್ಲಿ ಒಬ್ಬರಿಗೆ ಕಾಯಿಲೆ, ಒಂದು ಮನೆಯಲ್ಲಿ ಇಬ್ಬರಿಗೂ. ಆ ಒಂಬತ್ತು ಮನೆಯವರು ಆಸ್ಪತ್ರೆಯ ಬಾಗಿಲಿಗೆ ಬರುವುದೇ ಇಲ್ಲ. ಬಂದ ಏಳು ಮನೆಗಳಲ್ಲಿ ಹದಿನಾಲ್ಕು ಮಕ್ಕಳು, ಕಾಯಿಲೆಯವರು ಎಂಟು. ಅರ್ಧ ದಾಟಿತು. ಇದನ್ನೇ ನಂಬಿದವರು ಪ್ರಬಲ ಗುಣವೆಂದು ಬರೆದುಬಿಡಬಹುದು. ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ ಇದಕ್ಕೆ ಸೊಗಸಾದ ಪರಿಹಾರ ಕೊಟ್ಟ. ಕಾಯಿಲೆಯಿರುವ ಮಗುವನ್ನು ಎಣಿಸಬೇಡಿ, ಅದರ ಒಡಹುಟ್ಟಿದವರನ್ನು ಮಾತ್ರ ಎಣಿಸಿ ಎಂದ. ಎಂಟು ರೋಗಿಗಳಿಗೆ ಒಟ್ಟು ಎಂಟು ಒಡಹುಟ್ಟುಗಳು. ಆರು ಮನೆಗಳಲ್ಲಿ ಅವರು ಆರೋಗ್ಯವಂತರು. ಇಬ್ಬರಿಗೂ ಕಾಯಿಲೆಯಿರುವ ಮನೆಯಲ್ಲಿ ಒಬ್ಬರಿಗೊಬ್ಬರು ಒಡಹುಟ್ಟಾದ್ದರಿಂದ ಎರಡು. ಎಂಟರಲ್ಲಿ ಎರಡು, ಅಂದರೆ ನಾಲ್ಕರಲ್ಲಿ ಒಂದು. ಪುಸ್ತಕ ಸರಿಯಾಗಿಯೇ ಇತ್ತು.

ಇನ್ನು ಮನೆಯವರ ಪ್ರಶ್ನೆ. ಮಾವ ಸೊಸೆ ಮದುವೆಯಾದದ್ದಕ್ಕೇ ಹೀಗಾಯಿತೇ? ನೆಂಟರು, ನೆರೆಯವರು, ಎಷ್ಟೋ ಸಲ ವೈದ್ಯರು ಕೂಡ ಜೋಡಿಗೆರೆ ಕಂಡ ಕೂಡಲೇ ಹೌದೆಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಜೋಡಿಗೆರೆ ಸಾಕ್ಷಿಯಲ್ಲ, ಬರೀ ಅನುಮಾನ. ಆ ಅನುಮಾನ ಎಷ್ಟು ಗಟ್ಟಿ ಎಂದು ತೂಗಿ ನೋಡಬಹುದು.

ನರಗುಂದದ ತಂದೆ ವಾಹಕ ಎಂಬುದು ಖಚಿತ, ಮಗನಿಗೆ ಒಂದು ಕೆಟ್ಟ ಅಲೀಲ್ ಅವನಿಂದಲೇ ಬಂದದ್ದು. ಅವನಿಗೆ ಅದು ಬಂದದ್ದು ರೋಣದ ಅಜ್ಜನಿಂದ ಅಥವಾ ಅಜ್ಜಿಯಿಂದ. ತಾಯಿಯೂ ವಾಹಕಳೆಂಬುದು ಅಷ್ಟೇ ಖಚಿತ. ಅವಳಿಗೆ ಎಲ್ಲಿಂದ ಬಂತು? ಎರಡು ದಾರಿಗಳಿವೆ. ಒಂದು, ತನ್ನ ತಾಯಿಯಿಂದ, ಅಂದರೆ ರೋಣದ ಅಕ್ಕನಿಂದ. ಅಕ್ಕನಿಗೆ ಅದೇ ಅಲೀಲ್ ಬಂದಿರುವ ಸಾಧ್ಯತೆ ಅರ್ಧ, ಅವಳು ಮಗಳಿಗೆ ದಾಟಿಸುವ ಸಾಧ್ಯತೆ ಮತ್ತೆ ಅರ್ಧ, ಒಟ್ಟು ಕಾಲು. ಇನ್ನೊಂದು ದಾರಿ ಅವಳ ತಂದೆ, ಹೊರಗಿನಿಂದ ಬಂದ ಅಳಿಯ. ಅವನು ವಾಹಕನಾಗಿರುವ ಸಾಧ್ಯತೆ ಎಷ್ಟು? ಇದು ವಂಶಾವಳಿಯಲ್ಲಿ ಎಲ್ಲೂ ಬರೆದಿಲ್ಲ. ಅವನು ಬಂದ ಸಮುದಾಯದಲ್ಲಿ ಆ ಅಲೀಲ್ ಎಷ್ಟು ಹರಡಿದೆ ಎಂಬುದರ ಮೇಲೆ ಅದು ನಿಂತಿದೆ. ಭಾರತದಲ್ಲಿ ಒಟ್ಟಾರೆ ನೂರಕ್ಕೆ ಮೂರು ನಾಲ್ಕು ಮಂದಿ ಬೀಟಾ ಥಲಸ್ಸೀಮಿಯಾ ವಾಹಕರು. ಲೆಕ್ಕಕ್ಕೆ ಮೂವತ್ತರಲ್ಲಿ ಒಬ್ಬರೆಂದು ಹಿಡಿಯೋಣ. ಹಾಗಾದರೆ ಅಳಿಯ ಮಗಳಿಗೆ ದಾಟಿಸಿರುವ ಸಾಧ್ಯತೆ ಅರವತ್ತರಲ್ಲಿ ಒಂದು.

ಕಾಲು ಒಂದು ಕಡೆ, ಅರವತ್ತರಲ್ಲಿ ಒಂದು ಇನ್ನೊಂದು ಕಡೆ. ಹದಿನೈದಕ್ಕೆ ಒಂದರಂತೆ ತಕ್ಕಡಿ ರೋಣದ ಕಡೆ ವಾಲುತ್ತದೆ. ಹದಿನಾರರಲ್ಲಿ ಹದಿನೈದು ಪಾಲು ಜೋಡಿಗೆರೆಯದ್ದೇ ದೋಷ. ಆದರೆ ಅಳಿಯನ ಸಮುದಾಯದಲ್ಲಿ ಎಂಟರಲ್ಲಿ ಒಬ್ಬರು ವಾಹಕರೆಂದಿದ್ದರೆ? ಸಿಂಧಿ, ಲೋಹಾಣಾಗಳಂಥ ಕೆಲವು ಸಮುದಾಯಗಳಲ್ಲಿ ವಾಹಕರ ಪ್ರಮಾಣ ಇಷ್ಟರ ಮಟ್ಟಿಗೆ ಇದ್ದದ್ದು ದಾಖಲಾಗಿದೆ. ಆಗ ತಕ್ಕಡಿ ನಾಲ್ಕಕ್ಕೆ ಒಂದಕ್ಕೆ ಇಳಿಯುತ್ತದೆ. ವಂಶಾವಳಿಯ ಒಂದು ಗೆರೆಯೂ ಬದಲಾಗಿಲ್ಲ, ತೀರ್ಪಿನ ಬಲ ಬದಲಾಯಿತು.

ಇದನ್ನು ಲೆಕ್ಕಕ್ಕೇ ಬಿಡಬೇಕಿಲ್ಲ, ಡಿಎನ್‌ಎ ನೋಡಿ ಪರೀಕ್ಷಿಸಬಹುದು. ಬೀಟಾ ಗ್ಲೋಬಿನ್ ಜೀನು ಹನ್ನೊಂದನೆಯ ವರ್ಣತಂತುವಿನಲ್ಲಿದೆ, ಅದು ಕೆಡುವ ಬಗೆಗಳು ನೂರಾರು. ಮಗುವಿನಲ್ಲಿರುವ ಎರಡು ಕೆಟ್ಟ ಅಲೀಲ್‌ಗಳು ಬೇರೆ ಬೇರೆ ಬಗೆಯವಾಗಿದ್ದರೆ ಅವು ಒಂದೇ ಪೂರ್ವಜನ ಒಂದೇ ಅಲೀಲಿನ ಎರಡು ಪ್ರತಿಗಳಾಗಲಾರವು, ಸಂಬಂಧದ ಮದುವೆಗೂ ಈ ಕಾಯಿಲೆಗೂ ನಂಟಿಲ್ಲ. ಎರಡೂ ಒಂದೇ ಬಗೆಯವಾಗಿದ್ದರೆ ಅನುಮಾನ ಬಲಗೊಳ್ಳುತ್ತದೆ, ಆದರೆ ಮುಗಿಯುವುದಿಲ್ಲ. ಭಾರತದಲ್ಲಿ ಅತಿ ಹೆಚ್ಚಾಗಿ ಸಿಗುವ ದೋಷವೊಂದಿದೆ, ಪ್ರಯೋಗಾಲಯದ ವರದಿಯಲ್ಲಿ IVS 1-5 (G>C) ಎಂದು ಬರುತ್ತದೆ. ಸಂಬಂಧವೇ ಇಲ್ಲದ ಇಬ್ಬರಲ್ಲೂ ಅದೇ ಇರುವುದು ಅಪರೂಪವೇನಲ್ಲ.

ಆರೋಗ್ಯವಾಗಿರುವ ಮಗಳ ವಿಷಯಕ್ಕೆ ಬರೋಣ. ತಂದೆತಾಯಿ ಇಬ್ಬರೂ ವಾಹಕರಾದ್ದರಿಂದ ಅವಳು ಹುಟ್ಟುವಾಗ ನಾಲ್ಕು ಸಾಧ್ಯತೆಗಳಿದ್ದವು. ಎರಡೂ ಕೆಟ್ಟವು, ತಂದೆಯದ್ದು ಮಾತ್ರ ಕೆಟ್ಟದ್ದು, ತಾಯಿಯದ್ದು ಮಾತ್ರ ಕೆಟ್ಟದ್ದು, ಎರಡೂ ಒಳ್ಳೆಯವು. ಕಾಯಿಲೆ ಇಲ್ಲವೆಂದು ಗೊತ್ತಾದ ಕ್ಷಣ ಮೊದಲನೆಯದು ಅಳಿಸಿಹೋಯಿತು. ಉಳಿದ ಮೂರರಲ್ಲಿ ಎರಡು ವಾಹಕಳಾಗುವ ದಾರಿಗಳು. ಹಾಗಾಗಿ ಅವಳು ವಾಹಕಳಾಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅರ್ಧ ಎನ್ನುವವರು ಆಕೆ ಆರೋಗ್ಯವಾಗಿದ್ದಾಳೆಂಬ ಸುದ್ದಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಗಜೇಂದ್ರಗಡದ ಹುಡುಗ? ಅವನ ತಾಯಿಗೆ ರೋಣದ ಅಲೀಲ್ ಬಂದಿರುವ ಸಾಧ್ಯತೆ ಅರ್ಧ, ಅವಳಿಂದ ಅವನಿಗೆ ಅರ್ಧ, ಒಟ್ಟು ಕಾಲು. ಅವನ ತಂದೆಯ ಕಡೆಯಿಂದ ಬರಬಹುದಾದ ಅಲ್ಪ ಪಾಲನ್ನು ಬಿಟ್ಟುಬಿಡೋಣ. ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಮತ್ತೆ ಕಾಲು. ಮೂರೂ ಗುಣಿಸಿದರೆ:

2/3 × 1/4 × 1/4 = 1/24

ಇದೇ ಹುಡುಗಿಯನ್ನು ಅದೇ ಜಾತಿಯ, ಸಂಬಂಧವಿಲ್ಲದ, ಮೂವತ್ತರಲ್ಲಿ ಒಬ್ಬರು ವಾಹಕರಿರುವ ಕಡೆಗೆ ಕೊಟ್ಟರೆ ನಡುವಿನ ಕಾಲು ಹೋಗಿ ಮೂವತ್ತರಲ್ಲಿ ಒಂದು ಬರುತ್ತದೆ. ಉತ್ತರ 180ರಲ್ಲಿ ಒಂದು. ಎಂಟರಲ್ಲಿ ಒಬ್ಬರು ವಾಹಕರಿರುವ ಸಮುದಾಯಕ್ಕೆ ಕೊಟ್ಟರೆ 48ರಲ್ಲಿ ಒಂದು, ಸೋದರತ್ತೆಯ ಮಗನೊಂದಿಗಿನ ಅಪಾಯದ ಅರ್ಧದಷ್ಟು. "ಹೊರಗ ಕೊಟ್ರ ಆತಲ್ರಿ, ಇನ್ನೇನು?" ಎಂಬ ಪ್ರಶ್ನೆಗೆ, ಯಾವ ಹೊರಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲಾಗದು.

ಮನೆತನದಲ್ಲಿ ಕಾಯಿಲೆಯ ಸುದ್ದಿಯೇ ಇಲ್ಲದ ಮಾವ ಸೊಸೆಯ ಜೋಡಿಗೆ ಅಪಾಯ ಎಷ್ಟು? ಅಲೀಲ್ ಪ್ರಮಾಣದ ಮಾತು ನಿಜವಾಗಿ ಕಾವೇರುವುದು ಇಲ್ಲಿ. ರೋಣದ ಅಜ್ಜ ಅಜ್ಜಿಯರಲ್ಲಿ ಈ ಜೀನಿನ ಪ್ರತಿಗಳು ಒಟ್ಟು ನಾಲ್ಕು. ಒಂದನ್ನು ಹಿಂಬಾಲಿಸಿ. ಅದು ತಮ್ಮನಿಗೆ ಬಂದು, ಅವನಿಂದ ಮಗುವಿಗೆ ಇಳಿಯುವ ಸಾಧ್ಯತೆ ಕಾಲು. ಅದೇ ಪ್ರತಿ ಅಕ್ಕನಿಗೆ ಬಂದು, ಅವಳಿಂದ ಮಗಳಿಗೆ, ಮಗಳಿಂದ ಅದೇ ಮಗುವಿಗೆ ಇಳಿಯುವ ಸಾಧ್ಯತೆ ಎಂಟರಲ್ಲಿ ಒಂದು. ಎರಡೂ ಆಗುವ ಸಾಧ್ಯತೆ 32ರಲ್ಲಿ ಒಂದು. ಇಂಥ ನಾಲ್ಕು ಪ್ರತಿಗಳಿರುವುದರಿಂದ 32ರಲ್ಲಿ ನಾಲ್ಕು, ಅಂದರೆ ಎಂಟರಲ್ಲಿ ಒಂದು. ಮಾವ ಸೊಸೆಯ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಮೂಲದ ನಕಲುಗಳಾಗಿರುವ ಈ ಸಾಧ್ಯತೆಯನ್ನು ತಳಿವಿಜ್ಞಾನಿಗಳು F ಎಂಬ ಅಕ್ಷರದಿಂದ ಕರೆಯುತ್ತಾರೆ. ಸೋದರತ್ತೆ ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು 16ರಲ್ಲಿ ಒಂದು.

ಸಮುದಾಯದಲ್ಲಿ ಆ ಜೀನಿನ ಎಲ್ಲ ಪ್ರತಿಗಳಲ್ಲಿ ಕೆಟ್ಟವುಗಳ ಪಾಲನ್ನು q ಎನ್ನೋಣ. ಎಂಟರಲ್ಲಿ ಒಂದು ಸಲ ಮಗುವಿನ ಎರಡು ಪ್ರತಿಗಳೂ ಒಂದೇ ಮೂಲದವು, ಆ ಒಂದು ಮೂಲ ಕೆಟ್ಟದ್ದಾಗಿದ್ದರೆ ಸಾಕು, ಕಾಯಿಲೆ. ಉಳಿದ ಏಳು ಸಲ ಎರಡು ಪ್ರತಿಗಳು ಬೇರೆ ಬೇರೆ ಮೂಲದವು, ಎರಡೂ ಕೆಟ್ಟವಾಗಿರಬೇಕು. ಆದ್ದರಿಂದ ಅಪಾಯ:

q/8 + 7q²/8

ಸಂಬಂಧವಿಲ್ಲದ ಜೋಡಿಗೆ ಬರೀ q². ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮತ್ತು ಮೇಲೆ ಹೇಳಿದ ವೈನ್‌ಬರ್ಗ್ 1908ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ಸೂತ್ರದ ಪಾಲು ಅದು.

ಮೂರು ಕಾಯಿಲೆಗಳಿಗೆ ಇದನ್ನು ಹಚ್ಚಿ ನೋಡಿ. ಆಲ್ಕಪ್ಟೋನೂರಿಯಾ ಬಹಳ ವಿರಳ, ಮೂತ್ರ ಗಾಳಿಗೆ ಕಪ್ಪಾಗುವ ಕಾಯಿಲೆ. ಎರಡೂವರೆ ಲಕ್ಷಕ್ಕೊಬ್ಬರೆಂದು ಹಿಡಿದರೆ q ಐನೂರರಲ್ಲಿ ಒಂದು. ಮಾವ ಸೊಸೆಯ ಮಗುವಿಗೆ ಅಪಾಯ ಸುಮಾರು ನಾಲ್ಕು ಸಾವಿರಕ್ಕೆ ಒಂದು, ಅರವತ್ತು ಪಟ್ಟಿಗೂ ಹೆಚ್ಚು. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೊಡ್ 1902ರಲ್ಲಿ ಈ ಕಾಯಿಲೆಯ ಮಕ್ಕಳ ತಂದೆತಾಯಿಗಳಲ್ಲಿ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳೇ ಎದ್ದು ಕಾಣುವಷ್ಟಿರುವುದನ್ನು ಗಮನಿಸಿ, ಇದು ಮೆಂಡೆಲನ ದುರ್ಬಲ ಗುಣವಿರಬೇಕೆಂದು ಗುರುತಿಸಿದ. ಥಲಸ್ಸೀಮಿಯಾದಲ್ಲಿ q ಅರವತ್ತರಲ್ಲಿ ಒಂದು. ಸಂಬಂಧವಿಲ್ಲದ ಜೋಡಿಗೆ 3,600ರಲ್ಲಿ ಒಂದು, ಮಾವ ಸೊಸೆಗೆ 430ರಲ್ಲಿ ಒಂದು. ಎಂಟು ಪಟ್ಟು.

ಮೂರನೆಯದು ವೈಶ್ಯ ಸಮುದಾಯದ ಉದಾಹರಣೆ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಹರಡಿರುವ ದೊಡ್ಡ ಸಮುದಾಯ ಇದು. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ರಕ್ತದ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಕಿಣ್ವ ಇಲ್ಲದವರಲ್ಲಿ ಮದ್ದು ಗಂಟೆಗಟ್ಟಲೆ ಉಳಿದು ಉಸಿರಾಟ ಮರಳುವುದಿಲ್ಲ, ಅಷ್ಟು ಹೊತ್ತೂ ಯಂತ್ರದ ಉಸಿರಾಟ ಬೇಕು. ಬೇರೆಡೆ ಇದು ತೀರ ವಿರಳ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 226 ಮಂದಿ ವೈಶ್ಯರನ್ನು ಪರೀಕ್ಷಿಸಿದಾಗ ಒಂಬತ್ತು ಮಂದಿಯಲ್ಲಿ ಈ ಕಿಣ್ವದ ಕೊರತೆ ಕಂಡಿತು, ನೂರಕ್ಕೆ ಸುಮಾರು ನಾಲ್ಕು. ವರ್ಗಮೂಲ ತೆಗೆದರೆ q ಐದರಲ್ಲಿ ಒಂದು. ಈಗ ಸೂತ್ರಕ್ಕೆ ಹಾಕಿ. ಸಂಬಂಧವಿಲ್ಲದ ಜೋಡಿಯ ಮಗುವಿಗೆ ನೂರಕ್ಕೆ ನಾಲ್ಕು, ಮಾವ ಸೊಸೆಯ ಮಗುವಿಗೆ ನೂರಕ್ಕೆ ಆರು. ಅರವತ್ತು ಪಟ್ಟು ಎಲ್ಲಿ, ಒಂದೂವರೆ ಪಟ್ಟು ಎಲ್ಲಿ!

ಎಷ್ಟೋ ತಲೆಮಾರುಗಳ ಹಿಂದೆ ಸಣ್ಣ ಗುಂಪೊಂದರಿಂದ ಬೆಳೆದು, ಅಂದಿನಿಂದ ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯದಲ್ಲಿ, ಆ ಮೂಲದ ಗುಂಪಿನ ಯಾರಲ್ಲೋ ಇದ್ದ ಅಲೀಲ್ ಎಲ್ಲರ ನಡುವೆ ಹರಡಿಬಿಟ್ಟಿರುತ್ತದೆ. ಅಂಥಲ್ಲಿ ನಾಲ್ಕು ತಲೆಮಾರು ಹಿಂದಕ್ಕೆ ಹೋಗಿ ಸಂಬಂಧವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೆಣ್ಣು ತಂದರೂ ಲಾಭ ಕಡಿಮೆ. ಕಾಗದದ ಮೇಲೆ ಒಂಟಿಗೆರೆ ಎಳೆದ ದಂಪತಿಯೂ ಬಹಳ ಹಿಂದಿನ ಸಂಬಂಧಿಗಳೇ. ಸೋದರಿಕೆಯ ಮದುವೆ ಬೇಡವೆನ್ನುವ ಆರೋಗ್ಯ ಪ್ರಚಾರ ವಿರಳ ಕಾಯಿಲೆಗಳ ಮಟ್ಟಿಗೆ ಸರಿ. ಜಾತಿಯೊಳಗೇ ದಟ್ಟವಾಗಿರುವ ಕಾಯಿಲೆಗಳ ವಿಷಯದಲ್ಲಿ ಅದು ಅರ್ಧ ಮಾತು, ಉಳಿದರ್ಧವನ್ನು ಆಡುವವರು ಕಡಿಮೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತಪ್ಪು ನುಸುಳುತ್ತದೆ. ವರ್ಗಮೂಲ ತೆಗೆದು q ಕಂಡುಹಿಡಿಯುವ ಉಪಾಯ ಈಗಷ್ಟೇ ನೋಡಿದೆವು. ಸಂಬಂಧದ ಮದುವೆಗಳು ಹೇರಳವಾಗಿರುವ ಕಡೆ, ವಿರಳ ಕಾಯಿಲೆಗೆ ಅದನ್ನು ಹಚ್ಚಿದರೆ ಉತ್ತರ ತೀರ ಅಡ್ಡದಾರಿ ಹಿಡಿಯುತ್ತದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ನವಜಾತ ಶಿಶುಗಳ ರಕ್ತದಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕುವ ದೊಡ್ಡ ಕೆಲಸ ನಡೆಸಿದರು. ಜೊತೆಗೇ ತಂದೆತಾಯಿಗಳ ಸಂಬಂಧವನ್ನೂ ಬರೆದುಕೊಂಡರು. ಆ ಲಕ್ಷಕ್ಕೂ ಮಿಕ್ಕಿದ ಮದುವೆಗಳ ಮಾಹಿತಿಯನ್ನು ಎ. ಎಚ್. ಬಿಟಲ್ಸ್ ಅವರೊಡನೆ ಸೇರಿ ವಿಶ್ಲೇಷಿಸಿದಾಗ ಮೂರರಲ್ಲಿ ಸುಮಾರು ಒಂದು ಮದುವೆ ಸಂಬಂಧದೊಳಗಿನದ್ದು, ಒಟ್ಟು ಜನಸಂಖ್ಯೆಯ ಸರಾಸರಿ F ಸುಮಾರು 0.03 ಎಂದು ತಿಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸಂಬಂಧದಲ್ಲೇ ಮದುವೆಯಾದವರು.

F 0.03 ಇರುವ ಜನಸಂಖ್ಯೆಯಲ್ಲಿ, q ಐನೂರರಲ್ಲಿ ಒಂದಿರುವ ಕಾಯಿಲೆ 15,600 ಮಕ್ಕಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ರೋಗಿಗಳ ಲೆಕ್ಕ ನೋಡಿದ ಸಂಶೋಧಕ ಕಣ್ಣುಮುಚ್ಚಿ ವರ್ಗಮೂಲ ತೆಗೆದರೆ q 125ರಲ್ಲಿ ಒಂದು ಎಂದು ಬರುತ್ತದೆ, ನಿಜಕ್ಕಿಂತ ನಾಲ್ಕು ಪಟ್ಟು. ವಾಹಕರು 250ರಲ್ಲಿ ಒಬ್ಬರಿರುವ ಕಡೆ ಅರವತ್ತೆರಡರಲ್ಲಿ ಒಬ್ಬರಿದ್ದಾರೆಂದು ಆತ ಬರೆಯುತ್ತಾನೆ, ಆ ಅಂಕಿಯನ್ನು ನಂಬಿ ಇನ್ನೊಬ್ಬರು ಯಾವುದೋ ದಂಪತಿಗೆ ಅಪಾಯದ ಲೆಕ್ಕ ಹೇಳುತ್ತಾರೆ. ಇಂಥ ಅಂಕಿ ಕಣ್ಣಿಗೆ ಬಿದ್ದಾಗ ರೋಗಿಗಳಲ್ಲಿ ಎಷ್ಟು ಮಂದಿ ಸಂಬಂಧಿ ದಂಪತಿಗಳ ಮಕ್ಕಳು ಎಂದು ನೋಡಬೇಕು. ಆ ಪಾಲು ಊರಿನ ಒಟ್ಟು ಸಂಬಂಧಿ ಮದುವೆಗಳ ಪಾಲಿಗಿಂತ ಬಹಳ ಹೆಚ್ಚಿದ್ದರೆ ವರ್ಗಮೂಲದ ಉತ್ತರವನ್ನು ಬದಿಗಿಡಬೇಕು. ವೈಶ್ಯರ ಉದಾಹರಣೆಯಲ್ಲಿ ಅದು ಹೆಚ್ಚುಕಡಿಮೆ ಸರಿಹೋದದ್ದು q ಅಷ್ಟು ದೊಡ್ಡದಾಗಿದ್ದರಿಂದ.

ನರಗುಂದದ ಹುಡುಗಿಗೆ ಈ ಯಾವ ಲೆಕ್ಕವೂ ಕೊನೆಯ ಮಾತಾಗಬೇಕಿಲ್ಲ. 24ರಲ್ಲಿ ಒಂದು ಎಂಬುದು ನಮಗೆ ಗೊತ್ತಿಲ್ಲದ್ದರ ಅಳತೆ. ಇಬ್ಬರ ರಕ್ತವನ್ನೂ ನೋಡಿದರೆ ಅದು ಮಾಯವಾಗುತ್ತದೆ. ಇಬ್ಬರೂ ವಾಹಕರೆಂದು ತಿಳಿದರೆ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು. ಒಬ್ಬರು ವಾಹಕರಲ್ಲದಿದ್ದರೂ ಸಾಕು, ಮಗುವಿಗೆ ಥಲಸ್ಸೀಮಿಯಾ ಮೇಜರ್ ಬರುವ ಭಯವಿಲ್ಲ, ಸೋದರತ್ತೆಯ ಮಗನಾದರೂ ಸರಿ. ಇಬ್ಬರೂ ವಾಹಕರಾಗಿದ್ದು ಮದುವೆಯಾಗಿಬಿಟ್ಟಿದ್ದರೆ ಬಸಿರಿನ ಹತ್ತರಿಂದ ಹನ್ನೆರಡು ವಾರದೊಳಗೆ ಮಾಸುಚೀಲದ ತುಣುಕು ತೆಗೆದು ಭ್ರೂಣದ ಡಿಎನ್‌ಎ ನೋಡುವ ದಾರಿ ಇದೆ. ಅದಕ್ಕೆ ಮೊದಲೇ ತಂದೆತಾಯಿಯರಲ್ಲಿ ಯಾವ ಬಗೆಯ ದೋಷವಿದೆ ಎಂದು ಪತ್ತೆಹಚ್ಚಿಟ್ಟಿರಬೇಕು, ಬಸಿರು ನಿಂತ ಮೇಲೆ ಹುಡುಕಲು ಶುರುಮಾಡಿದರೆ ವಾರಗಳು ಕೈಜಾರುತ್ತವೆ.

ವಾಹಕರ ಪರೀಕ್ಷೆಯಲ್ಲಿ ನೋಡುವುದು ಹಿಮೋಗ್ಲೋಬಿನ್ ಎ-2 ಪ್ರಮಾಣವನ್ನು. ಅದು ಸಾಮಾನ್ಯವಾಗಿ ಶೇಕಡಾ 3.5ಕ್ಕಿಂತ ಕಡಿಮೆ, ವಾಹಕರಲ್ಲಿ ಹೆಚ್ಚು. ನಮ್ಮ ಕಡೆಯ ತೊಡಕು ಏನೆಂದರೆ ರಕ್ತದಲ್ಲಿ ಕಬ್ಬಿಣದ ಕೊರತೆ ಹೆಣ್ಣುಮಕ್ಕಳಲ್ಲಿ ಬಲು ಸಾಮಾನ್ಯ. ಕೊರತೆಯಿದ್ದರೂ ಕೆಂಪುಕಣಗಳು ಸಣ್ಣವಾಗುತ್ತವೆ, ವಾಹಕರಲ್ಲೂ ಸಣ್ಣವೇ. ಹಾಗಾಗಿ ವಾಹಕಳಿಗೆ ವರ್ಷಗಟ್ಟಲೆ ಕಬ್ಬಿಣದ ಗುಳಿಗೆ ಕೊಟ್ಟು "ರಕ್ತ ಏರವಲ್ದು" ಎಂದು ತಲೆ ಕೆರೆದುಕೊಳ್ಳುವುದು ನಡೆಯುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ಬಗೆಯದು. ವಾಹಕಳಿಗೆ ಕಬ್ಬಿಣದ ಕೊರತೆಯೂ ಇದ್ದರೆ ಎ-2 ಪ್ರಮಾಣ ಇಳಿದು 3.3, 3.4ಕ್ಕೆ ಬಂದು ನಿಲ್ಲಬಹುದು, ವರದಿಯಲ್ಲಿ ದೋಷವಿಲ್ಲವೆಂದು ಬಂದುಬಿಡುತ್ತದೆ.

ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲೇ ಇದಕ್ಕೊಂದು ಸುಳಿವು ಇರುತ್ತದೆ. ಕೆಂಪುಕಣದ ಗಾತ್ರ, ಚೀಟಿಯಲ್ಲಿ MCV, ಅದನ್ನು ಕೆಂಪುಕಣಗಳ ಸಂಖ್ಯೆಯಿಂದ ಭಾಗಿಸಬೇಕು. ಒಬ್ಬಳ ಗಾತ್ರ 68, ಸಂಖ್ಯೆ 4.2 ಇದ್ದರೆ ಉತ್ತರ 16, ಇದು ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಇನ್ನೊಬ್ಬಳ ಗಾತ್ರ 64, ಸಂಖ್ಯೆ 5.8 ಇದ್ದರೆ ಉತ್ತರ 11. ಕಣ ಸಣ್ಣದಾದರೂ ದೇಹ ಕಣಗಳನ್ನು ಧಾರಾಳವಾಗಿ ತಯಾರಿಸುತ್ತಿದೆ, ಇದು ವಾಹಕರ ಲಕ್ಷಣ. 13ರ ಆಚೆಈಚೆ ಗಡಿ. ಎರಡೂ ತೊಂದರೆ ಒಟ್ಟಿಗಿದ್ದವರಲ್ಲಿ ಈ ಗಡಿಯೂ ಕಲಸಿಹೋಗುತ್ತದೆ. ಅಂಥವರಿಗೆ ಕೆಲವು ತಿಂಗಳು ಕಬ್ಬಿಣ ಕೊಟ್ಟು ಕೊರತೆ ತುಂಬಿದ ಮೇಲೆ ಎ-2 ಮತ್ತೆ ನೋಡಬೇಕು, ಆಗಲೂ ಗಡಿಯಲ್ಲೇ ನಿಂತರೆ ಡಿಎನ್‌ಎ. ನರಗುಂದದ ಮಗನ ದೋಷ ಯಾವ ಬಗೆಯದೆಂದು ಮೊದಲೇ ಗೊತ್ತಿದ್ದರೆ ಅವನ ತಂಗಿಯಲ್ಲಿ ಅದನ್ನಷ್ಟೇ ಹುಡುಕಿದರಾಯಿತು. ಗಜೇಂದ್ರಗಡದ ಹುಡುಗನಿಗೆ ಮಾತ್ರ ಹಾಗೆ ಅದೊಂದನ್ನೇ ನೋಡಿ ಬಿಡುವಂತಿಲ್ಲ, ಎ-2 ಕೂಡ ನೋಡಬೇಕು. ರೋಣದ ಅಲೀಲ್ ಅವನಲ್ಲಿ ಇಲ್ಲವೆಂದಾದರೂ, ತಂದೆಯ ಕಡೆಯಿಂದ ಬೇರೊಂದು ಬಗೆಯದ್ದು ಬಂದಿರಬಹುದು.